ಬ್ಯಾಂಡ್ ಹೀಟರಿಗೆ ಕಾಂಟ್ಯಾಕ್ಟರ್ ಸಾಕಾ, ಎಸ್‌ಎಸ್‌ಆರ್ ಬೇಕಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಎಸ್‌ಎಸ್‌ಆರ್‌ಗೇ, ಅಂದ್ರೆ ಬಡಿಯೋ ಕಾಂಟ್ಯಾಕ್ಟ್ ಇಲ್ದೇ ಕರೆಂಟ್ ಆನ್ ಆಫ್ ಮಾಡೋ ಸಾಲಿಡ್ ಸ್ಟೇಟ್ ರಿಲೇಗೆ. ನಂದು ಕೈಯಲ್ಲಿ ಒತ್ತೋ ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಮಷೀನು, ಬ್ಯಾರೆಲ್ ಸುತ್ತ 500 ವಾಟಿನ ಎರಡು ಬ್ಯಾಂಡ್ ಹೀಟರ್, ಪಿಪಿ ಕರಗ್ಸೋಕೆ 210 ಡಿಗ್ರಿ ಇಟ್ಕೋತೀನಿ. ಒಂದ್ಸಲ ಬಿಸಿ ಏರಿದ್ಮೇಲೆ ಅದನ್ನ ಹಿಡ್ಕೊಳ್ಳೋಕೆ ಸುಮಾರು 30% ಪವರ್ ಸಾಕು.

ಕಾಂಟ್ಯಾಕ್ಟರಲ್ಲಿ 20 ಸೆಕೆಂಡ್ ಸೈಕಲ್ ಇಟ್ಟಿದ್ದೆ, ಅಂದ್ರೆ 6 ಸೆಕೆಂಡ್ ಆನ್, 14 ಸೆಕೆಂಡ್ ಆಫ್. ನಾಝಲ್ ಹತ್ರ ಟೆಂಪರೇಚರ್ ಎರಡ್ಮೂರು ಡಿಗ್ರಿ ಮೇಲೆ ಕೆಳಗೆ ಆಡ್ತಿತ್ತು, ಸೈಕಲ್ ಚಿಕ್ಕದ್ ಮಾಡೋಣ ಅಂದ್ರೆ ಕಾಂಟ್ಯಾಕ್ಟ್ ಸುಟ್ಟೋಗುತ್ತೆ. ಫುಲ್ ಲೋಡಲ್ಲಿ ಒಂದು ಲಕ್ಷ ಸಲ ಬಡಿಯುತ್ತೆ ಅಂತಿಟ್ಕೊಳ್ಳಿ, 20 ಸೆಕೆಂಡಿಗೊಂದ್ಸಲ ಅಂದ್ರೆ ದಿನಕ್ಕೆ 8 ಗಂಟೆಯಂಗೆ ಎರಡು ತಿಂಗಳ ಮೇಲೆ ಬರುತ್ತೆ, ಅದೇ 2 ಸೆಕೆಂಡ್ ಮಾಡಿದ್ರೆ ಒಂದೇ ವಾರ. ಟಕ್ ಟಕ್ ಸೌಂಡು ಬೇರೆ.

ಎಸ್‌ಎಸ್‌ಆರ್ ಜೊತೆ ರೆಡಿಮೇಡ್ ಕಂಟ್ರೋಲರ್ ಬೋರ್ಡ್ ತಗೊಂಡೆ, ತಲೆನೋವು ಶುರುವಾಗಿದ್ದು ಅಲ್ಲಿಂದ. ಔಟ್‌ಪುಟ್ 10% ಅಂತ ತೋರಿಸ್ತಿದ್ರೂ ಬಿಸಿ ಏರ್ತಾನೇ ಹೋಗ್ತಿತ್ತು, ಶೆಡ್ಡಿನ ಬಲ್ಬು ಬೇರೆ ಪಟಪಟ ಮಿನುಗೋದು. ಪ್ರೋಗ್ರಾಂ ತೆಗೆದು ನೋಡಿದ್ರೆ ಮಾರಿದವರು `analogWrite` ಹಾಕಿ ಕಳಿಸಿದ್ದಾರೆ! ಆರ್ಡುಯಿನೊ ಊನೋದ 9ನೇ ಪಿನ್ನಲ್ಲಿ ಅದು ಸೆಕೆಂಡಿಗೆ ಸುಮಾರು 490 ಪಲ್ಸ್ ಕೊಡುತ್ತೆ, ಒಂದೊಂದೂ 2 ಮಿಲಿಸೆಕೆಂಡ್. ಆದ್ರೆ ಝೀರೋ ಕ್ರಾಸಿಂಗ್ ಎಸ್‌ಎಸ್‌ಆರ್ ಆನ್ ಆಗೋದೇ ವೋಲ್ಟೇಜ್ ಸೊನ್ನೆ ಹತ್ರ ಬಂದಾಗ, ನಮ್ಮ 50 ಹರ್ಟ್ಸ್ ಲೈನಲ್ಲಿ 10 ಮಿಲಿಸೆಕೆಂಡಿಗೊಂದ್ಸಲ. ಒಂದ್ಸಲ ಆನ್ ಆದ್ರೆ ಆ ಅರ್ಧ ಸೈಕಲ್ ಮುಗಿಯೋವರೆಗೂ ಬಿಡಲ್ಲ, ಮಧ್ಯದಲ್ಲಿ ಪಲ್ಸ್ ನಿಂತ್ರೂ ಅದಕ್ಕೇನೂ ಗೊತ್ತಾಗಲ್ಲ. ಸೊನ್ನೆ ಹೊತ್ತಿಗೆ ಪಲ್ಸ್ ಇತ್ತಾ ಇಲ್ವಾ ಅನ್ನೋದು ಬರೀ ಲಾಟರಿ, ಕೇಳಿದ ಪವರಿಗೂ ಬರೋ ಪವರಿಗೂ ತಾಳೆನೇ ಇಲ್ಲ.

ಹಂಗಾಗಿ ಎರಡು ಲೈನ್ ಬದಲಾಯಿಸ್ದೆ:

```
if (millis() - t0 >= 2000) t0 += 2000;
digitalWrite(9, (millis() - t0) < onMs);
```

30% ಅಂದ್ರೆ `onMs` 600. 2 ಸೆಕೆಂಡಲ್ಲಿ 200 ಅರ್ಧ ಸೈಕಲ್ ಇರೋದ್ರಿಂದ ಅರ್ಧ ಪರ್ಸೆಂಟ್‌ವರೆಗೂ ಸಣ್ಣದಾಗಿ ಹೊಂದಿಸ್ಬೋದು, ಅಷ್ಟು ಸಾಕು. ಬ್ಯಾರೆಲ್ ಕಬ್ಬಿಣ ದಪ್ಪ ಇರೋದ್ರಿಂದ ಈ 2 ಸೆಕೆಂಡಿನ ಏರಿಳಿತ ನಾಝಲ್ಲಲ್ಲಿ ಕಾಣ್ಸೋದೇ ಇಲ್ಲ. ಬಲ್ಬು ಈಗ 2 ಸೆಕೆಂಡಿಗೊಂದ್ಸಲ ಲೈಟಾಗಿ ಡಿಮ್ ಆಗುತ್ತೆ, ನಂಗೇನೂ ಬೇಜಾರಿಲ್ಲ.

ಹೀಟ್‌ಸಿಂಕ್ ದುಡ್ಡು ಮಾತ್ರ ಉಳಿಸ್ಬೇಡಿ, 4 ಆಂಪಿಯರ್ ಚಿಲ್ಲರೆಗೇ 5 ವಾಟ್ ಹತ್ರ ಅದರ ಮೈಮೇಲೆ ಬಿಸಿಯಾಗುತ್ತೆ. ಆಫ್ ಇದ್ರೂ ಸ್ವಲ್ಪ ಕರೆಂಟ್ ಲೀಕ್ ಇರುತ್ತೆ, ಹೀಟರ್ ವೈರ್ ಮುಟ್ಟೋ ಮುಂಚೆ ಎಂಸಿಬಿ ಇಳಿಸಿ.

ಹಳೇ ಕಾಂಟ್ಯಾಕ್ಟರ್ ಗುಜರಿಗೆ ಹಾಕಿಲ್ಲ, ಎಸ್‌ಎಸ್‌ಆರ್ ಜೊತೆ ಸೀರೀಸಲ್ಲಿ ಇಟ್ಟು, 250 ಡಿಗ್ರಿ ದಾಟಿದ್ರೆ ಬಿಡೋ ಹಾಗೆ ಬೇರೆ ಥರ್ಮೋಸ್ಟಾಟ್ ಕೊಟ್ಟಿದ್ದೀನಿ. ಯಾಕಂದ್ರೆ ಎಸ್‌ಎಸ್‌ಆರ್ ಕೆಟ್ರೆ ಸಾಮಾನ್ಯವಾಗಿ ಶಾರ್ಟ್ ಆಗೇ ಕೆಡುತ್ತೆ. ಅದರ ಇನ್‌ಪುಟ್ ಎಲ್‌ಇಡಿ ಆರಿದ್ರೂ ಬಿಸಿ ಏರ್ತಾನೇ ಇದ್ರೆ ಪ್ರೋಗ್ರಾಂ ಕೆದಕ್ತಾ ಕೂರ್ಬೇಡಿ, ನೇರ ಎಸ್‌ಎಸ್‌ಆರ್ ಬದಲಾಯಿಸಿ.