ಅಂಕಿ ಬದಲಿಸೋದಾ, ಪ್ರಶ್ನೆ ತಿರುಗಿಸೋದಾ?

ಸೇಡಂನ ಟ್ಯೂಷನ್ ಸರ್‌ಗೆ ಪಾಲಕರು ಎಸ್ಸೆಸ್ಸೆಲ್ಸಿ ಗಣಿತ ಪೇಪರಿನ ಫೋಟೊ ಕಳಿಸಿ ‘ಇಂಥವೇ ಇನ್ನಷ್ಟು ಕೊಡಿ’ ಅಂದಿದ್ದಾರೆ, ಅಷ್ಟೇ. ಹಳೆ ಲೆಕ್ಕದ ಅಂಕಿ ಮಾತ್ರ ಬದಲಿಸೋದಾ, ಇಲ್ಲ ಪ್ರಶ್ನೆಯನ್ನೇ ತಿರುಗಿಸೋದಾ ಅಂತ ಸರ್ ಪ್ರಶ್ನೆ.

ಮೊದಲು ಹಳೆ ಲೆಕ್ಕ ಬಿಡಿಸಿ ನೋಡಿ. ಮಸುಕು ಫೋಟೊದಲ್ಲಿ ಮೈನಸ್ ಮಾಯವಾಗಿರಬಹುದು.

x² − 7x + 12 = 0 ಇದೆ ಅನ್ನಿ. ಅಂಕಿ ಬದಲಿಸೋದು ಬೇಗ ಆಗುತ್ತೆ, ಆದರೆ ಸುಮ್ನೆ 12ನ್ನು 11 ಮಾಡಿದರೆ √5 ಬಂದು ಅಪವರ್ತನ ಕೆಡುತ್ತೆ. ಅದಕ್ಕೇ ಉತ್ತರದಿಂದ ಶುರು ಮಾಡಿ: ಮೂಲಗಳು 2, 6 ಅಂದ್ರೆ ಮೊತ್ತ 8, ಗುಣಲಬ್ಧ 12, ಸಮೀಕರಣ x² − 8x + 12 = 0. ಕೀ ಉತ್ತರ ಆಗಲೇ ಕೈಯಲ್ಲಿರುತ್ತೆ.

ಪ್ರಶ್ನೆ ತಿರುಗಿಸೋದಕ್ಕೆ, ಅಂದ್ರೆ ಮೂಲ ಕೊಟ್ಟು ಸಮೀಕರಣದ ಅಂಕಿ ಕೇಳೋದಕ್ಕೆ, ಹೊತ್ತು ಜಾಸ್ತಿ. ‘x² − kx + 12 = 0ಕ್ಕೆ 3 ಒಂದು ಮೂಲ, k ಎಷ್ಟು?’ ಇಲ್ಲಿ 9 − 3k + 12 = 0, k = 7; ಕೀಯಲ್ಲಿ ಈ ಹಂತಗಳನ್ನೂ ಬರೆಯಬೇಕು. ವಿಧಾನ ಬಾಯಿಪಾಠ ಮಾಡಿದವರು ಸಿಕ್ಕಿಬೀಳೋದು ಇಲ್ಲೇ.

ಅಪವರ್ತನದಲ್ಲೇ ಎಡವುವವರಿಗೆ ಮೊದಲನೆಯದು ಸಾಕು. ಹಳೆ ಪೇಪರ್ ಸಲೀಸಾಗಿ ಬಿಡಿಸುವವರಿಗೆ ಎರಡನೆಯದು ಕೊಡಿ.