ಬ್ರೋಷರ್ ಅನುವಾದ: ಪಿಡಿಎಫ್, ವರ್ಡ್, ಇಲ್ಲವೇ ಮೂಲ ಕಡತ?

ನೀರು ಶುದ್ಧೀಕರಿಸುವ ಯಂತ್ರವೊಂದರ ಬ್ರೋಷರನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ಎ4 ಹಾಳೆಯನ್ನು ಎರಡು ಕಡೆ ಮಡಚಿ ಆರು ಪುಟ ಮಾಡುವ ಮಾದರಿ. ಕಳಿಸಿದ್ದು ಪಿಡಿಎಫ್, ಜೊತೆಗಿದ್ದ ಸೂಚನೆ ಒಂದೇ ಸಾಲು: ‘ಅನುವಾದ ಮಾತ್ರ ಮಾಡಿಕೊಡಿ.’ ಚಿತ್ರ, ಬಣ್ಣ, ಪುಟದ ಜೋಡಣೆ ಯಾವುದನ್ನೂ ಮುಟ್ಟಬಾರದು ಎಂಬುದು ಆ ‘ಮಾತ್ರ’ದಲ್ಲೇ ಇದೆ. ಒಂದೇ ಬ್ರೋಷರನ್ನು ಮೂರು ದಾರಿಗಳಲ್ಲಿ ಮಾಡಿ ನೋಡಿದೆ. ಮೊದಲ ದಾರಿಯಲ್ಲಿ ಮಾಡಿಕೊಟ್ಟದ್ದು ಮುದ್ರಣಕ್ಕೆ ಹೋಗುವ ಮುನ್ನವೇ ವಾಪಸು ಬಂತು. ಮೂರನೆಯದು, ಅಂದರೆ ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದ ಮೂಲ ಕಡತದಲ್ಲೇ ಅನುವಾದಿಸುವುದು, ಈಗ ನನ್ನ ರೂಢಿ.

ಮೊದಲನೆಯದು ಪಿಡಿಎಫನ್ನು ನೇರವಾಗಿ ಅನುವಾದ ತಾಣಕ್ಕೆ ಏರಿಸುವುದು. ಒಂದೆರಡು ನಿಮಿಷದ ಕೆಲಸ. ಹೊರಬಂದ ಕಡತವನ್ನು ದೂರದಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು: ಚಿತ್ರಗಳು ಇದ್ದಲ್ಲೇ ಇದ್ದವು, ಬಣ್ಣವೂ ಬದಲಾಗಿರಲಿಲ್ಲ. ಓದಲು ತೊಡಗಿದಾಗ ಎಡವಿದೆ. ಬಿಸಿ ನೀರಿನಿಂದಾಗಲಿ ಸಾಬೂನಿನಿಂದಾಗಲಿ ಫಿಲ್ಟರನ್ನು ತೊಳೆಯಬಾರದು ಎಂಬ ಎಚ್ಚರಿಕೆ ಮೂಲದಲ್ಲಿ ಎರಡು ಸಾಲಾಗಿ ಮುರಿದಿತ್ತು. ಕನ್ನಡದಲ್ಲಿ ಮೊದಲ ಸಾಲು ‘ಫಿಲ್ಟರನ್ನು ಬಿಸಿಯಾಗಿ ತೊಳೆಯಬೇಡಿ’ ಎಂದಾಗಿತ್ತು, ಎರಡನೆಯದು ‘ನೀರು ಅಥವಾ ಸಾಬೂನು’ ಎಂದು ಒಂಟಿಯಾಗಿ ನಿಂತಿತ್ತು. ಸಾಬೂನು ಬೇಡ ಎಂದು ಹೇಳಬೇಕಾದ ಮಾತು ಸಾಬೂನು ಬಳಸಿ ಎನ್ನುವಂತೆ ಓದಿಸಿಕೊಳ್ಳುತ್ತಿತ್ತು.

ಇದಕ್ಕೆ ಕಾರಣ ಪಿಡಿಎಫ್‌ನ ಒಳರಚನೆ. ಅದರಲ್ಲಿ ಸಾಮಾನ್ಯವಾಗಿ ಪ್ಯಾರಾ ಎಂಬುದೇ ಇರುವುದಿಲ್ಲ. ಯಾವ ಅಕ್ಷರಗಳನ್ನು ಪುಟದ ಯಾವ ಜಾಗದಲ್ಲಿ ಬರೆಯಬೇಕು ಎಂಬ ಲೆಕ್ಕವಷ್ಟೇ ಇರುತ್ತದೆ. ಯಾವ ಸಾಲು ಯಾವುದರ ಮುಂದುವರಿಕೆ ಎಂಬುದನ್ನು ತಂತ್ರಾಂಶ ಊಹಿಸಬೇಕು. ಉದ್ದನೆಯ ಪ್ಯಾರಾಗಳಲ್ಲಿ ಆ ಊಹೆ ಬಹುಪಾಲು ಸರಿಹೋಗುತ್ತದೆ. ಬ್ರೋಷರಿನ ಕಿರಿದಾದ ಅಂಕಣಗಳಲ್ಲಿ, ಚಿತ್ರದ ಪಕ್ಕದ ತುಣುಕು ಸಾಲುಗಳಲ್ಲಿ ತಪ್ಪುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಇಂಗ್ಲಿಷಿನ ಅರ್ಧ ವಾಕ್ಯವನ್ನು ಅರ್ಧವಾಗಿಯೇ ಅನುವಾದಿಸಿದರೆ ಅರ್ಥ ಉಳಿಯುವುದಿಲ್ಲ. ಪರೀಕ್ಷಿಸುವುದು ಸುಲಭ: ಮೂಲದಲ್ಲಿ ಎರಡು ಸಾಲಿಗೆ ಹರಡಿದ ವಾಕ್ಯವೊಂದನ್ನು ಹುಡುಕಿ, ಕನ್ನಡದಲ್ಲಿ ಅದರ ಕ್ರಿಯಾಪದ ಎಲ್ಲಿ ಬಿದ್ದಿದೆ ನೋಡಿ.

ಫಾಂಟ್ ಇನ್ನೊಂದು ತೊಡಕು. ಪಿಡಿಎಫ್ ಒಳಗೆ ಸಾಮಾನ್ಯವಾಗಿ ಇಡೀ ಫಾಂಟ್ ಇರುವುದಿಲ್ಲ, ಆ ಕಡತದಲ್ಲಿ ಬಳಕೆಯಾದ ಅಕ್ಷರಗಳಷ್ಟೇ ಇರುತ್ತವೆ. ಇಡೀ ಫಾಂಟ್ ಇದ್ದರೂ ಇಂಗ್ಲಿಷ್ ಫಾಂಟಿನಲ್ಲಿ ಕನ್ನಡದ ಅಕ್ಷರಗಳು ಎಲ್ಲಿಂದ ಬರಬೇಕು? ಹಾಗಾಗಿ ತಾಣ ತನ್ನ ಬಳಿ ಇದ್ದ ಒಂದೇ ಕನ್ನಡ ಫಾಂಟನ್ನು ಶೀರ್ಷಿಕೆಗೂ ಅಡಿಟಿಪ್ಪಣಿಗೂ ಹಾಕಿತ್ತು. ದಪ್ಪ ಅಕ್ಷರಗಳ ದಪ್ಪ ಹೋಗಿತ್ತು. ಪೆಟ್ಟಿಗೆಯಲ್ಲಿ ಹಿಡಿಸಲು 9 ಪಾಯಿಂಟಿನ ಪಠ್ಯವನ್ನು 6ರ ಸುಮಾರಿಗೆ ಕುಗ್ಗಿಸಿತ್ತು. ಸಾಲುಗಳ ನಡುವಿನ ಅಂತರ ಇಂಗ್ಲಿಷಿನದೇ ಇದ್ದುದರಿಂದ ಒಂದು ಸಾಲಿನ ಒತ್ತಕ್ಷರ ಮುಂದಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು.

ಎರಡನೆಯದು ಪಿಡಿಎಫನ್ನು ವರ್ಡ್ ಕಡತವಾಗಿಸಿ ಅನುವಾದಿಸುವುದು. ವಾಕ್ಯಗಳು ಬಹುತೇಕ ಇಡಿಯಾಗಿ ಸಿಕ್ಕವು, ಅದು ದೊಡ್ಡ ಲಾಭ. ಆದರೆ ಪುಟದ ಅಳತೆ ಕೆಟ್ಟಿತು. ಇಂಥ ಬ್ರೋಷರಿನಲ್ಲಿ ಒಳಕ್ಕೆ ಮಡಚಿಕೊಳ್ಳುವ ಭಾಗವನ್ನು ಉಳಿದೆರಡಕ್ಕಿಂತ ಸ್ವಲ್ಪ ಕಿರಿದಾಗಿಡುತ್ತಾರೆ; ಇದರಲ್ಲಿ 297 ಮಿಲಿಮೀಟರನ್ನು 100, 100, 97 ಎಂದು ಹಂಚಿದ್ದರು. ವರ್ಡ್ ಅದನ್ನು ಮೂರು ಸಮ ಅಂಕಣ ಮಾಡಿತು, ಅಕ್ಷರಗಳು ಮಡಿಕೆಗೆ ಹತ್ತಿರ ಸರಿದವು. ಪಠ್ಯ ಬೆಳೆದಂತೆ ಚಿತ್ರಗಳೂ ಕೆಳಗಿಳಿದವು.

ಕೊನೆಗೆ ಮೂಲ ಕಡತ ಕೇಳಿದೆ. ಕೇಳುವಾಗ ಒಂದು ಎಚ್ಚರ ಬೇಕು. ಇನ್‌ಡಿಸೈನ್‌ನಿಂದ ತೆಗೆದ ಐಡಿಎಂಎಲ್ ಕಡತದಲ್ಲಿ ಪಠ್ಯ, ಶೈಲಿ, ಪೆಟ್ಟಿಗೆಗಳ ಜಾಗ ಎಲ್ಲ ಇರುತ್ತದೆ. ಜೋಡಿಸಿದ ಚಿತ್ರಗಳ ಕೊಂಡಿ ಮಾತ್ರ ಇರುತ್ತದೆ, ಚಿತ್ರ ಇರುವುದಿಲ್ಲ. `Package` ಆಜ್ಞೆಯಿಂದ ಮಾಡಿದ ಇಡೀ ಫೋಲ್ಡರನ್ನೇ ತರಿಸಿಕೊಳ್ಳಬೇಕು.

ಐಡಿಎಂಎಲ್ ಅನ್ನು ಒಮೆಗಾಟಿಯಲ್ಲಿ ತೆರೆದೆ. ಇದು ಉಚಿತ ಅನುವಾದ ತಂತ್ರಾಂಶ. ಈ ಮಾದರಿಯ ಕಡತಕ್ಕೆ ಒಕಾಪಿ ಪ್ಲಗಿನ್ ಸೇರಿಸಿಕೊಳ್ಳಬೇಕು. ಎಚ್ಚರಿಕೆಯ ಆ ವಾಕ್ಯ ಇಲ್ಲಿ ಒಂದೇ ತುಂಡಾಗಿ ಬಂತು. ‘ಫಿಲ್ಟರನ್ನು ಬಿಸಿ ನೀರಿನಲ್ಲಿ ಅಥವಾ ಸಾಬೂನಿನಿಂದ ತೊಳೆಯಬೇಡಿ’ ಎಂದು ನೆಮ್ಮದಿಯಿಂದ ಬರೆದೆ. ದಪ್ಪ ಅಕ್ಷರವನ್ನು ಸೂಚಿಸುವ ಗುರುತುಗಳನ್ನು ಅಳಿಸದೆ, ಕನ್ನಡದಲ್ಲಿ ಅದೇ ಪದದ ಸುತ್ತ ಇಟ್ಟರೆ ಸಾಕು.

ಮತ್ತೆ ಇನ್‌ಡಿಸೈನ್‌ನಲ್ಲಿ ತೆರೆದಾಗ ‘ಸ್ವಚ್ಛ’ ಎಂಬುದು ‘ಸ್‌ವಚ್‌ಛ’ ಎಂದು ಒಡೆದು ಕಾಣಿಸಿತು. ಬರೆದದ್ದರಲ್ಲಿ ತಪ್ಪಿರಲಿಲ್ಲ. ಪ್ಯಾರಾ ಶೈಲಿಯಲ್ಲಿ `Adobe World-Ready Paragraph Composer` ಆರಿಸಿದೊಡನೆ ಒತ್ತುಗಳು ತಮ್ಮ ಜಾಗಕ್ಕೆ ಬಂದವು. ಫಾಂಟನ್ನೂ ಅದೇ ಶೈಲಿಯಲ್ಲಿ ಒಮ್ಮೆ ಬದಲಿಸಿದರೆ ಆ ಶೈಲಿಯ ಪಠ್ಯಕ್ಕೆಲ್ಲ ಅನ್ವಯವಾಗುತ್ತದೆ. ಮೂಲದ್ದು ಸರಳ ಗೆರೆಯ ಫಾಂಟ್ ಆಗಿದ್ದರಿಂದ ನೋಟೊ ಸ್ಯಾನ್ಸ್ ಕನ್ನಡ ಆರಿಸಿದೆ; ಅದರಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಒಂಬತ್ತು ಹಂತಗಳಿರುವುದರಿಂದ ಶೀರ್ಷಿಕೆಯ ತೂಕ ಶೀರ್ಷಿಕೆಗೇ ಉಳಿಯಿತು. ಮಾದರಿ ಸಂಖ್ಯೆ, ಫೋನ್ ನಂಬರುಗಳನ್ನು ಮಾತ್ರ ಮೂಲ ಫಾಂಟಿನಲ್ಲೇ ಇಟ್ಟೆ. ಅದಕ್ಕೆ ಮೂಲ ಫಾಂಟಿನ ಅಕ್ಷರ ಶೈಲಿಯೊಂದನ್ನು ಮಾಡಿಕೊಂಡು, ಪ್ಯಾರಾ ಶೈಲಿಯೊಳಗಿನ `GREP Style` ಜಾಗದಲ್ಲಿ ಆ ಶೈಲಿಯನ್ನು ಆರಿಸಿ ಈ ಸಾಲು ಬರೆದರೆ ಸಾಕು:

```
[A-Za-z0-9]+
```

ಫಾಂಟನ್ನು ಹಾಗೆಯೇ ಇಡಿ ಎಂದರೆ ಕನ್ನಡದಲ್ಲಿ ಆಗುವುದು ಇಷ್ಟೇ: ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಹಳೆಯ ಫಾಂಟ್, ಕನ್ನಡಕ್ಕೆ ಅದನ್ನು ಹೋಲುವ ಫಾಂಟ್. ಇದನ್ನು ಕೆಲಸ ಕೊಟ್ಟವರಿಗೆ ಮೊದಲೇ ಹೇಳಿಬಿಡುತ್ತೇನೆ.

ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ 120ರಿಂದ 140 ಶೇಕಡಾಕ್ಕೆ ಏರಿಸಿದ ಮೇಲೆ ನಾಲ್ಕು ಪೆಟ್ಟಿಗೆಗಳ ಮೂಲೆಯಲ್ಲಿ ಕೆಂಪು ಕೂಡಿಸುವ ಚಿಹ್ನೆ ಬಂತು, ಅಂದರೆ ಪಠ್ಯ ಹಿಡಿಸದೆ ಒಳಗೆ ಅಡಗಿದೆ ಎಂದು. ನಾನು ಪೆಟ್ಟಿಗೆ ಹಿಗ್ಗಿಸಲಿಲ್ಲ, ಅಕ್ಷರವನ್ನೂ ಕುಗ್ಗಿಸಲಿಲ್ಲ. ‘ಶುದ್ಧೀಕರಣ ಪ್ರಕ್ರಿಯೆಯನ್ನು ನಿರ್ವಹಿಸುತ್ತದೆ’ ಎಂಬುದನ್ನು ‘ನೀರನ್ನು ಶುದ್ಧಗೊಳಿಸುತ್ತದೆ’ ಎಂದು ಬಿಗಿಗೊಳಿಸುತ್ತ ಹೋದೆ. ನಾಲ್ಕೂ ಪೆಟ್ಟಿಗೆ ಹಿಡಿಸಿದವು, ಓದಲೂ ಹಿತವಾಯಿತು.

ಫೋಟೊದೊಳಗಿನ ಗುಂಡಿಯ ಮೇಲಿನ ಇಂಗ್ಲಿಷ್ ಬರಹವನ್ನು ಹಾಗೆಯೇ ಬಿಟ್ಟೆ. ಮನೆಗೆ ಬರುವ ಯಂತ್ರದ ಗುಂಡಿಯ ಮೇಲೂ ಅದೇ ಇರುತ್ತದೆ. ಅದರ ಪಕ್ಕದ ಬಾಣದ ವಿವರಣೆ ಪಠ್ಯವಾಗಿದ್ದುದರಿಂದ ಕನ್ನಡವಾಯಿತು.

ಈ ದಾರಿಗೆ ನನಗೆ ಒಂದೂವರೆ ದಿನ ಹಿಡಿಯಿತು. ಇನ್‌ಡಿಸೈನ್ ಚಂದಾ ಬೇರೆ ಕೆಲಸಕ್ಕೆ ಹೇಗೂ ಕಟ್ಟುತ್ತಿದ್ದೇನೆ. ಇದೊಂದಕ್ಕಾಗಿ ಕಟ್ಟಿ ಎನ್ನಲಾರೆ, ಐಡಿಎಂಎಲ್ ತೆಗೆದುಕೊಡುವುದನ್ನೂ ಮರಳಿ ಜೋಡಿಸುವುದನ್ನೂ ವಿನ್ಯಾಸಕರಿಗೇ ಬಿಡಬಹುದು. ಬ್ರೋಷರಿನಲ್ಲಿ ಏನಿದೆ ಎಂದು ತಿಳಿದರೆ ಸಾಕು ಎನ್ನುವವರಿಗೆ ಪಿಡಿಎಫ್ ಏರಿಸುವುದೇ ಸರಿ. ಮುದ್ರಿಸಬೇಕಿದ್ದು ಮೂಲ ಕಡತ ಕಳೆದುಹೋಗಿದ್ದರೆ, ಪಿಡಿಎಫ್‌ನ ಪ್ರತಿ ಪೆಟ್ಟಿಗೆಗೂ ಸಂಖ್ಯೆ ಬರೆದು, ವರ್ಡ್‌ನಲ್ಲಿ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಇರುವ ಕೋಷ್ಟಕ ಮಾಡಿ ವಿನ್ಯಾಸಕರಿಗೆ ಕೊಡುತ್ತೇನೆ. ಜೋಡಣೆಯಾದ ಮೇಲೆ ಒಂದು ಕರಡು ತರಿಸಿಕೊಂಡು, ಒತ್ತಕ್ಷರಗಳನ್ನು ನಾನೇ ಸಾಲುಸಾಲಾಗಿ ನೋಡುತ್ತೇನೆ.