ಮನಿ ಮಾಲಕರು ಕೊಟ್ಟ ಬಾಡಿಗಿ ಪಾವತಿ ಓದದನ ಆಫೀಸಿಗೆ ಕೊಡಬ್ಯಾಡ್ರಿ

ಹಳೇ ತೆರಿಗಿ ಪದ್ಧತಿ ಇಟ್ಕೊಂಡು ಎಚ್‌ಆರ್‌ಎ ತೋರಿಸೋರು ಇದನ್ನ ಓದ್ರಿ. ಬರಿಯಾಕ ನಾಚಿಕಿ ಆಗತೈತಿ. ಊರಾಗ ನಾಕ ಮಂದಿಗೆ ರಿಟರ್ನ್ ತುಂಬಿ ಕೊಡೋ ಮನಷ್ಯಾ ನಾನು, ನನ್ನ ಪಾವತಿ ನಾನ ಓದಲಿಲ್ಲ.

2024ರ ಮೇ 1ಕ್ಕ ಹಾವೇರಿಯಿಂದ ಹುಬ್ಬಳ್ಳಿಗೆ ವರ್ಗಾ ಆಗಿ ಬಂದೆ. ಗೋಕುಲ ರೋಡ್ ಕಡೆ ಮನಿ, ಬಾಡಿಗಿ 11,000. ಕರಾರುಪತ್ರದಾಗೂ ಅಷ್ಟ, ತಿಂಗಳಾ ಯುಪಿಐ ಮಾಡಿದ್ದೂ ಅಷ್ಟ. ಜನವರಿಯಾಗ ಆಫೀಸಿನವರು ಪುರಾವೆ ಕೇಳಿದ್ರು. ಮಾಲಕರಿಗೆ ಹೇಳಿದೆ, ಮರುದಿನನ ಪಾಕೀಟಿನಾಗ 12 ಪಾವತಿ ಕೊಟ್ರು. ಪ್ರತಿಯೊಂದಕ್ಕೂ ಒಂದ್ರೂಪಾಯಿ ರೆವಿನ್ಯೂ ಸ್ಟಾಂಪ್ ಹಚ್ಚಿ, ಅದರ ಮ್ಯಾಲೆ ಸಹಿ. ಆ ಸ್ಟಾಂಪ್ ನೋಡೇ ನಾ ಮೋಸ ಹೋದೆ. ಎಲ್ಲಾ ಸರಿ ಐತಿ ಅನಿಸ್ತು. ಹಂಗ ಒಯ್ದು ಕೊಟ್ಟೆ.

ಎರಡು ದಿನಕ್ಕ ಅಕೌಂಟ್ಸ್ ಮೇಡಂ ಕರದ್ರು. ಎಲ್ಲಾರ ಮುಂದನ.

“ಸರ್, ನೀವು ಏಪ್ರಿಲ್‌ದಾಗ ಹಾವೇರಿ ಬ್ರಾಂಚಿನಾಗ ಇದ್ರಿ. ಹುಬ್ಬಳ್ಳಿ ಬಾಡಿಗಿ ಹೆಂಗ ಕೊಟ್ರಿ?”

ಏಪ್ರಿಲ್ 30ರ ಪಾವತಿ! ನಾ ಆ ಮನಿ ಬಾಗಿಲಾನೂ ನೋಡಿರಲಿಲ್ಲ.

“ಮಾರ್ಚ್ ಬಾಡಿಗಿ ಜನವರಿಯಾಗನ ಮುಟ್ಟೈತೇನ್ರಿ?”

ಹಿಂದ ಯಾರೋ ನಕ್ಕರು.

“ಮತ್ತ 8,300 ಅಂತ ಐತಲ್ಲ, ನೀವು ಫಾರ್ಮ್ 12ಬಿಬಿ ಒಳಗ 11,000 ಬರದೀರಿ. ನಗದು ಮುಟ್ಟಿತು ಅಂತ ಬ್ಯಾರೆ ಐತಿ.”

ಆವಾಗ ಪಾವತಿ ಕೈಯಾಗ ಹಿಡದು ಮೊದಲನೇ ಸಲ ಓದಿದೆ. ಎಂಟು ಸಾವಿರದ ಮುನ್ನೂರು. ಹನ್ನೆರಡರಾಗೂ. 8,300 ಯಾಕಂದ್ರ 12ರಿಂದ ಗುಣಿಸಿದ್ರ 99,600. ವರ್ಷದ ಬಾಡಿಗಿ ಒಂದು ಲಕ್ಷ ದಾಟಿದ್ರ ಮಾಲಕರ ಪ್ಯಾನ್ ಕೊಡಬೇಕು, ಕಂಪನಿ ಅದನ್ನ ತನ್ನ ಟಿಡಿಎಸ್ ಲೆಕ್ಕದಾಗ ಇಲಾಖೆಗೆ ತಿಳಸತೈತಿ. ಅದು ಬ್ಯಾಡಾಗಿತ್ತು ಮಾಲಕರಿಗೆ. 12 ತಿಂಗಳ ಲೆಕ್ಕ ಕೂಡಿಸಾಕ ಏಪ್ರಿಲ್ಲೂ ಹುಟ್ಟಿಸಿದ್ರು.

ಸಂಜಿಗೆ ಹೋಗಿ ಕೇಳಿದೆ. ಉತ್ತರ ನೋಡ್ರಿ:

“ತಮ್ಮಾ, ನಿನಗ ಒಳ್ಳೇದು ಮಾಡೀನಿ. ಪ್ಯಾನಿನ ತ್ರಾಸ ತಪ್ಪಿತು. ಎಲ್ಲಾ ಬಾಡಿಗಿ ಮಂದಿಗೂ ಹಿಂಗ ಕೊಡತೀನಿ.”

“ಕಾಕಾರ, ನನಗ ಲುಕ್ಸಾನು ಆಗತೈತ್ರಿ.”

“ಎಷ್ಟ ಆದೀತು, ಚಾ ಕುಡಿಯೋ ರೊಕ್ಕ.”

ಚಾ ರೊಕ್ಕ ಅಲ್ಲ. ನನ್ನ ಬೇಸಿಕ್ ಮತ್ತ ಡಿಎ ಕೂಡಿ 32,000, ಎಚ್‌ಆರ್‌ಎ 8,000. ಕೊಟ್ಟ ಬಾಡಿಗಿಯಾಗ ಬೇಸಿಕ್-ಡಿಎದ ಶೇ. 10, ಅಂದ್ರ 3,200 ಕಳೀಬೇಕು. 11,000 ಇದ್ರ ತಿಂಗಳಿಗೆ 7,800 ವಿನಾಯ್ತಿ, 8,300 ಇದ್ರ 5,100 ಅಷ್ಟ. (ನಮ್ಮೂರಿಗೆ ಶೇ. 40ರ ಮಿತಿ 12,800 ಆಗತೈತಿ, ಅದು ಇಲ್ಲಿ ಅಡ್ಡ ಬರಂಗಿಲ್ಲ.) ವ್ಯತ್ಯಾಸ 2,700, ಹನ್ನೊಂದು ತಿಂಗಳಿಗೆ 29,700. ಶೇ. 20ರ ತೆರಿಗಿ, ಮ್ಯಾಲೆ ಸೆಸ್ ಹಿಡದ್ರ ಹತ್ರಹತ್ರ 6,180 ರೂಪಾಯಿ. ಎಂಥಾ ಚಾ ಕುಡೀತಾರೋ ಏನೋ.

ಜಗಳಾಡಿದ ಮ್ಯಾಲೆ 11,000ದ ಹೊಸಾ ಪಾವತಿ ಬರಕೊಟ್ರು, ಪ್ಯಾನ್ ಹಾಕಿ. ಈ ಸಲ ಓದಿದೆ. ಪ್ಯಾನಿನ ನಾಲ್ಕನೇ ಅಕ್ಷರ ಪಿ, ವ್ಯಕ್ತಿದು ಅಂತ, ಸರಿ. ಐದನೇ ಅಕ್ಷರ ಅಡ್ಡಹೆಸರಿನ ಮೊದಲನೇ ಅಕ್ಷರ ಇರತೈತಿ. ಮಾಲಕರ ಅಡ್ಡಹೆಸರು ಎಚ್‌ಲೆ ಶುರು, ಅಲ್ಲಿ ಕೆ ಇತ್ತು. ಅಡ್ಡಹೆಸರಿಲ್ಲದವರಿಗೆ, ಹೆಸರು ಹಿಂದಮುಂದ ಮಾಡಿದವರಿಗೆ ಬ್ಯಾರೆ ಇರಬಹುದು, ಅಷ್ಟರಿಂದನ ಸುಳ್ಳು ಅನ್ನಾಕ ಬರಂಗಿಲ್ಲ. ಕಾರ್ಡ್ ತೋರಿಸ್ರಿ ಅಂದೆ.

“ಅದು ನಮ್ಮ ಅಳಿಯಂದು. ಮನಿ ಒಳಗಿನವನ ಅಲ್ಲ?”

ಕರಾರಿನಾಗ ಕಾಕಾರ ಹೆಸರು, ರೊಕ್ಕ ಹೋಗಿದ್ದು ಕಾಕಾರ ಖಾತೆಗೆ, ಪ್ಯಾನ್ ಅಳಿಯಂದು! ನಾ ಅದನ್ನ ಕೊಟ್ಟಿದ್ರ ಸುಳ್ಳು ಘೋಷಣೆಗೆ ಸಹಿ ಮಾಡಿದವ ನಾನು, ಅವರಲ್ಲ. ನೋಟಿಸು ಬರೋದು ನನಗ.

ಆಫೀಸಿನ ಗಡುವು ಮುಗೀತು. ಫೆಬ್ರವರಿ, ಮಾರ್ಚ್ ಸಂಬಳದಾಗ ಟಿಡಿಎಸ್ ಪೂರ್ತಿ ಕತ್ತರಿಸಿದ್ರು. ಆಮ್ಯಾಲೆ ಕರಾರುಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಂಡು ರಿಟರ್ನಿನಾಗ ನಾನ ಕ್ಲೇಮ್ ಮಾಡಿದೆ. ಆಫೀಸು ಬಿಟ್ಟಿದ್ದನ್ನ ಹಂಗ ಕೇಳಾಕ ಬರತೈತಿ, ಆದ್ರ ರೊಕ್ಕ ತಿಂಗಳುಗಟ್ಟಲೆ ಸಿಕ್ಕೊಂಡು ಕೂತು.

ಪಾವತಿ ತಿಂಗಳಾ ಇಸ್ಕೋರಿ, ಒಮ್ಮೆಲೆ ಬ್ಯಾಡ. ಕರಾರು, ಖಾತೆ, ಪಾವತಿ ಮೂರರಾಗೂ ಹೆಸರು-ರೊಕ್ಕ ಒಂದ ಇರಬೇಕು. ಯುಪಿಐ ಮಾಡಿದ್ರ ‘ನಗದು’ ಅಂತ ಬರಸ್ಕೋಬ್ಯಾಡ್ರಿ, ಆ ಸ್ಟಾಂಪ್ ಬೇಕಾಗೋದು 5,000 ದಾಟಿದ ನಗದಿಗೆ. ಮತ್ತ ಪ್ಯಾನ್ ಕೊಡತಾರೋ ಇಲ್ಲೋ ಅಂತ ಡಿಪಾಜಿಟ್ ಕೊಡೂಕಿಂತ ಮೊದಲ ಕೇಳ್ರಿ. ನಾ ಕೇಳಿರಲಿಲ್ಲ.

ಏಪ್ರಿಲ್‌ದಾಗ ಕರಾರು ಹೊಸದು ಮಾಡೂ ಮುಂದ ಕಾಕಾರು ಏನಂದ್ರು ಗೊತ್ತೇನ್ರಿ? “ಪ್ಯಾನ್ ಬೇಕಂದ್ರ ಬಾಡಿಗಿ 12,500.”

ಈಗ ಕೇಶ್ವಾಪುರದಾಗ ಅದೀನಿ.